ಹೆಡ್‌ಫೋನಿನ ತಂಬೂರಿ ಮೈಕಿಗೆ ಸೋರಿದಾಗ: ಮೂಲವನ್ನು ಪತ್ತೆ ಹಚ್ಚುವ ಕ್ರಮ

ಪಕ್ಕವಾದ್ಯಗಳನ್ನು ಆಮೇಲೆ ಸೇರಿಸಿಕೊಳ್ಳುವ ಲೆಕ್ಕದಲ್ಲಿ ಗಾಯನವನ್ನಷ್ಟೇ ಮೊದಲು ಧ್ವನಿಮುದ್ರಿಸುವಾಗ, ಗಾಯಕರಿಗೆ ಶ್ರುತಿಯನ್ನು ಹೆಡ್‌ಫೋನಿನಲ್ಲಿ ಕೊಡಬೇಕಾಗುತ್ತದೆ. ಹಾಡು ನಡೆಯುತ್ತಿರುವಷ್ಟು ಹೊತ್ತು ಯಾವ ತೊಂದರೆಯೂ ಕಾಣುವುದಿಲ್ಲ. ಆಲಾಪನೆಯ ಒಂದು ಸಂಚಾರ ಮುಗಿದು ಇನ್ನೊಂದು ಆರಂಭವಾಗುವ ನಡುವಿನ ಮೌನದಲ್ಲಿ, ಗಾಯನದ ಟ್ರ್ಯಾಕನ್ನು ಮಾತ್ರ ಕೇಳಿದಾಗ, ಹಿಂದೆಲ್ಲೋ ತೆಳ್ಳಗೆ ತಂಬೂರಿ ಮೀಟುತ್ತಿರುವುದು ಗೊತ್ತಾಗುತ್ತದೆ. ಈ ಬರಹದಲ್ಲಿ ಅದನ್ನು ಸೋರಿಕೆ ಎಂದು ಕರೆಯುತ್ತೇನೆ. ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಕ್ರಮವನ್ನು, ನಾನೇ ಎದುರಿಸಿದ ಒಂದು ಪ್ರಕರಣವನ್ನು ಇಟ್ಟುಕೊಂಡು ವಿವರಿಸುತ್ತೇನೆ.

ಪ್ರಕರಣ ಹೀಗಿತ್ತು. ಮೈಸೂರಿನ ಒಂದು ಮನೆಯ ಮಹಡಿ ಕೋಣೆಯಲ್ಲಿ ಹಿರಿಯ ಗಾಯಕಿಯೊಬ್ಬರ ಕಲ್ಯಾಣಿ ಆಲಾಪನೆಯನ್ನು ಮುದ್ರಿಸಿಕೊಳ್ಳುತ್ತಿದ್ದೆ. ಅವರದು 5 ಮನೆ ಶ್ರುತಿ. ಬಾಯಿಂದ ಸುಮಾರು 25 ಸೆಂಟಿಮೀಟರ್ ದೂರದಲ್ಲಿ ಕಂಡೆನ್ಸರ್ ಮೈಕ್, ಕಿವಿ ಪೂರ್ತಿ ಮುಚ್ಚುವ, ಹಿಂಬದಿ ತೆರೆದಿಲ್ಲದ ಹೆಡ್‌ಫೋನ್, ಅದರಲ್ಲಿ ತಂಬೂರಿ. ಮೊದಲ ಟೇಕ್ ಮುಗಿದ ಮೇಲೆ ಗಾಯನವನ್ನು ಮಾತ್ರ ಹಾಕಿ ಕೇಳಿದರೆ, ಪ್ರತಿ ಮೌನದಲ್ಲೂ ಪ-ಸ-ಸ-ಸ ಎಂಬ ನಾಲ್ಕು ಮೀಟುಗಳನ್ನು ಎಣಿಸಬಹುದಿತ್ತು.

ಇಂಥ ಸಂದರ್ಭದಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಸಾಫ್ಟ್‌ವೇರಿನ ನಾಯ್ಸ್ ರಿಡಕ್ಷನ್. ಫ್ಯಾನಿನ ಸದ್ದಿಗೆ ಅದು ಸರಿ, ಶ್ರುತಿಗೆ ಅಲ್ಲ. 5 ಮನೆಯಲ್ಲಿ ಗಾಯಕಿಯ ಮಧ್ಯ ಷಡ್ಜ ಸುಮಾರು 196 ಹರ್ಟ್ಜ್. ಆ ಸ್ವರದೊಳಗೆ 392, 588, 784 ಹೀಗೆ ಅದರ ಗುಣಕಗಳೂ ಇರುತ್ತವೆ. ತಂಬೂರಿಯ ಸಾರಣಿ ತಂತಿಯಲ್ಲಿರುವುದೂ ಅವೇ. ಮೌನದಲ್ಲಿ ಸಿಕ್ಕ ತಂಬೂರಿಯನ್ನು ತೋರಿಸಿ 'ಇದನ್ನು ತೆಗೆ' ಎಂದರೆ, ಸಾಫ್ಟ್‌ವೇರು ಗಾಯಕಿ ಷಡ್ಜದಲ್ಲಿ ನಿಂತ ಕಡೆಯಲ್ಲೆಲ್ಲ ಅವರ ಧ್ವನಿಯಿಂದಲೂ ಅದೇ ಆವರ್ತನಗಳನ್ನು ಕೆತ್ತಿ ತೆಗೆಯಲು ಹೋಗುತ್ತದೆ. ಗಾಂಧಾರದಲ್ಲಿ ತುಂಬಿಕೊಂಡಿದ್ದ ದನಿ ಷಡ್ಜಕ್ಕೆ ಬಂದೊಡನೆ ಡಬ್ಬಿಯೊಳಗಿಂದ ಬಂದಂತೆ ಕೇಳಿದರೆ ಕಾರಣ ಇದೇ. ಗೇಟ್ ಹಾಕಿದರೆ ಮೌನವೇನೋ ಶುದ್ಧವಾಗುತ್ತದೆ, ಆದರೆ ಗಮಕದ ಕೊನೆಯಲ್ಲಿ ಸಣ್ಣಗಾಗುತ್ತ ಹೋಗುವ ಉಸಿರಿನ ಬಾಲವೂ ತುಂಡಾಗುತ್ತದೆ. ಹಾಗಾಗಿ ಸೋರಿಕೆಯನ್ನು ಮೂಲದಲ್ಲೇ ತಡೆಯಬೇಕು, ತಡೆಯಬೇಕಾದರೆ ಮೂಲ ಯಾವುದೆಂದು ತಿಳಿಯಬೇಕು.

ಹುಡುಕುವ ಮೊದಲು ಆಗಬೇಕಾದ ಒಂದು ಕೆಲಸವಿದೆ. ಫೋನಿನ ತಂಬೂರಿ ಆ್ಯಪನ್ನೋ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯನ್ನೋ ಹೆಡ್‌ಫೋನಿಗೆ ನೇರವಾಗಿ ಜೋಡಿಸುವುದನ್ನು ಬಿಟ್ಟು, ಅದನ್ನೇ ಅರ್ಧ ಗಂಟೆಯಷ್ಟು ಮುದ್ರಿಸಿಕೊಂಡು, ಒಂದು ಫೈಲಾಗಿ ಅದೇ ಸೆಷನ್ನಿನ ಬೇರೊಂದು ಟ್ರ್ಯಾಕಿನಲ್ಲಿ ಇಡಿ. ಆಗ ಪ್ರತಿ ಟೇಕಿನಲ್ಲೂ ಯಾವ ಕ್ಷಣಕ್ಕೆ ಯಾವ ತಂತಿ ಮೀಟಿತು ಎಂಬುದು ನಿಮ್ಮ ಕೈಯಲ್ಲಿರುತ್ತದೆ. ಪರೀಕ್ಷೆಗೆ ಇದು ಬೇಕು, ಕೆಟ್ಟ ಟೇಕನ್ನು ಉಳಿಸಿಕೊಳ್ಳಬೇಕಾಗಿ ಬಂದರೆ ಇನ್ನೂ ಹೆಚ್ಚು ಬೇಕು.

ಇನ್ನು ಅಳತೆ. ಕಿವಿಯನ್ನೊಂದೇ ನಂಬಿದರೆ ಮೂರನೆಯ ಪರೀಕ್ಷೆಯ ಹೊತ್ತಿಗೆ 'ಸ್ವಲ್ಪ ಕಡಿಮೆಯಾದ ಹಾಗಿದೆ' ಎನ್ನುವ ಸ್ಥಿತಿ ಬರುತ್ತದೆ. ಮೈಕಿನ ಗೇನ್ ಮುಟ್ಟದೆ, ಗಾಯಕಿ ಹೆಡ್‌ಫೋನ್ ಹಾಕಿಕೊಂಡು ತಮ್ಮ ಜಾಗದಲ್ಲೇ ಸುಮ್ಮನೆ ಕುಳಿತಿರುವಾಗ, ಇಪ್ಪತ್ತು ಸೆಕೆಂಡು ಶ್ರುತಿ ಇಲ್ಲದೆ ಮತ್ತು ಇಪ್ಪತ್ತು ಸೆಕೆಂಡು ಶ್ರುತಿ ಹಾಕಿ ಮುದ್ರಿಸಿಕೊಳ್ಳಿ. ಎರಡರ ಸರಾಸರಿ ಮಟ್ಟವನ್ನು ಹೋಲಿಸಲು ಈ ಒಂದು ಸಾಲು ಸಾಕು:

```
ffmpeg -i mouna.wav -af highpass=f=300,volumedetect -f null -
```

ಕೊನೆಯಲ್ಲಿ ಬರುವ `mean_volume` ಎಂಬ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. 300 ಹರ್ಟ್ಜ್‌ಗಿಂತ ಕೆಳಗಿನದನ್ನು ತೆಗೆದು ಅಳೆಯುವುದಕ್ಕೆ ಕಾರಣ, ಬೀದಿಯ ವಾಹನಗಳ ಗುಡುಗು ಅಳತೆಯನ್ನು ಏರುಪೇರು ಮಾಡಬಾರದು ಎಂಬುದು. ಹೆಡ್‌ಫೋನಿನಿಂದ ಹೊರಬೀಳುವುದು ಬಹುಪಾಲು ತಂಬೂರಿಯ ಜೀವಾಳದ ಝೇಂಕಾರವೇ ಹೊರತು ಮಂದ್ರದ ಗುಂಗು ಅಲ್ಲ, ಆದ್ದರಿಂದ ಬೇಕಾದದ್ದೇನೂ ಕಳೆದುಹೋಗುವುದಿಲ್ಲ. ನಮ್ಮ ಕೋಣೆಯಲ್ಲಿ ಶ್ರುತಿ ಇಲ್ಲದಾಗ −71 ಡೆಸಿಬೆಲ್, ಶ್ರುತಿ ಇದ್ದಾಗ −58 ಬಂತು. ಹದಿಮೂರು ಡೆಸಿಬೆಲ್ ವ್ಯತ್ಯಾಸವೆಂದರೆ ಅದು ಅನುಮಾನದ ಮಾತಲ್ಲ.

ಗಾಳಿಯಲ್ಲಿ ಬಂದದ್ದೇ, ತಂತಿಯಲ್ಲಿ ಬಂದದ್ದೇ?

ಸೋರಿಕೆ ಎಂದೊಡನೆ ಹೆಡ್‌ಫೋನನ್ನು ಬೈಯುವುದು ವಾಡಿಕೆ. ಆದರೆ ಶಬ್ದ ಗಾಳಿಗೇ ಬೀಳದೆ, ಇಂಟರ್‌ಫೇಸಿನ ಒಳಗೇ ಶ್ರುತಿಯ ದಾರಿ ಮೈಕಿನ ದಾರಿಗೆ ಸೇರಿಕೊಂಡಿರುವ ಸಾಧ್ಯತೆಯೂ ಇದೆ. ಇದನ್ನು ಬೇರ್ಪಡಿಸುವ ಪರೀಕ್ಷೆ ಸುಲಭ. ಹೆಡ್‌ಫೋನಿಗೆ ಉದ್ದನೆಯ ವೈರ್ ಹಾಕಿ ಪಕ್ಕದ ಕೋಣೆಗೆ ಒಯ್ದು, ಕಂಬಳಿಯಲ್ಲಿ ಸುತ್ತಿ, ಬಾಗಿಲು ಮುಚ್ಚಿ, ಶ್ರುತಿಯನ್ನು ಅದೇ ವಾಲ್ಯೂಮಿನಲ್ಲಿ ನಡೆಸುತ್ತ ಮತ್ತೆ ಇಪ್ಪತ್ತು ಸೆಕೆಂಡು ಮುದ್ರಿಸಿ. ಹೆಡ್‌ಫೋನಿನ ಪ್ಲಗ್ಗನ್ನೇ ಕಿತ್ತು ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಪ್ಲಗ್ ಕಿತ್ತರೆ ಆ ದಾರಿಯಲ್ಲಿ ವಿದ್ಯುತ್ತು ಹರಿಯುವುದೇ ನಿಂತುಹೋಗಿ, ಹೆಡ್‌ಫೋನಿನ ಆಂಪ್ಲಿಫೈಯರಿನಿಂದ ಮೈಕಿನ ಕಡೆಗೆ ಆಗುತ್ತಿದ್ದ ಸೋರಿಕೆಯೂ ಅದರೊಂದಿಗೆ ಅಡಗಿಬಿಡಬಹುದು, ಆಗ ತಪ್ಪೆಲ್ಲ ಗಾಳಿಯ ಮೇಲೆ ಹೋಗುತ್ತದೆ.

ಕಂಬಳಿಯಲ್ಲಿ ಸುತ್ತಿಟ್ಟ ಮೇಲೂ ತಂಬೂರಿ ಕೇಳುತ್ತಿದ್ದರೆ ಹೆಡ್‌ಫೋನಿನದು ತಪ್ಪಿಲ್ಲ. ಅದು ಗಾಯನದಷ್ಟೇ ಸ್ಪಷ್ಟವಾಗಿ, ಮಂದ್ರದ ಗುಂಗು ಸಮೇತ ಪೂರ್ಣವಾಗಿ ಕೇಳಿದರೆ ಸಾಫ್ಟ್‌ವೇರಿನ ಜೋಡಣೆ ತಪ್ಪಿದೆ ಎಂದು ತಿಳಿಯಿರಿ: ಮುದ್ರಣದ ಇನ್‌ಪುಟ್ ಆಗಿ ಮೈಕಿನ ಬದಲು `Stereo Mix` ಆಯ್ಕೆಯಾಗಿರುವುದು, ಅಥವಾ ಇಂಟರ್‌ಫೇಸಿನ `Loopback` ಚಾಲೂ ಇದ್ದು ಕಂಪ್ಯೂಟರಿನಿಂದ ಹೊರಡುವ ಸದ್ದೆಲ್ಲ ತಿರುಗಿ ಒಳಗೆ ಬರುತ್ತಿರುವುದು. ಕೇಳಿಯೂ ಕೇಳದಷ್ಟು ಸಣ್ಣಗಿದ್ದು, ಹೆಡ್‌ಫೋನಿನ ಗುಬ್ಬಿ ತಿರುಗಿಸಿದಂತೆ ಏರಿಳಿದರೆ ಅದು ವಿದ್ಯುತ್ ಸೋರಿಕೆ. ಮೈಕಿನ ಗೇನನ್ನು ಕೊನೆಯವರೆಗೂ ಏರಿಸಿ ಹೆಡ್‌ಫೋನನ್ನೂ ಜೋರಾಗಿ ಇಟ್ಟಾಗ ಅಗ್ಗದ ಇಂಟರ್‌ಫೇಸುಗಳಲ್ಲಿ ಇದು ಕಾಣುತ್ತದೆ. ಹೆಡ್‌ಫೋನಿಗೆ ಬೇರೆ ಆಂಪ್ಲಿಫೈಯರ್ ಇಟ್ಟರೆ ಹೋಗುತ್ತದೆ.

ನಮ್ಮಲ್ಲಿ ಪಕ್ಕದ ಕೋಣೆಯ ಪರೀಕ್ಷೆಯಲ್ಲಿ ಅಳತೆ −71ಕ್ಕೇ ಇಳಿಯಿತು. ಆದ್ದರಿಂದ ಸದ್ದು ಗಾಳಿಯಲ್ಲೇ ಬರುತ್ತಿತ್ತು.

ಗಾಳಿಯಲ್ಲಿ ಬರುತ್ತಿದೆ ಎಂದಾದ ಮೇಲೂ ಅದು ಗಾಯಕಿಯ ತಲೆಯ ಮೇಲಿನ ಹೆಡ್‌ಫೋನಿನದೇ ಎಂದು ಖಚಿತವಾಗಬೇಕು. ಒಮ್ಮೆ ನಾನು ಇಡೀ ಬೆಳಗ್ಗೆ ಹುಡುಕಿದ ಸೋರಿಕೆ, ಪಿಟೀಲಿನವರು ಬರುತ್ತಾರೆಂದು ಜೋಡಿಸಿ, ಮೈಕಿನ ಸ್ಟ್ಯಾಂಡಿಗೇ ನೇತುಹಾಕಿದ್ದ ಎರಡನೆಯ ಹೆಡ್‌ಫೋನಿನದಾಗಿತ್ತು. ಇದಕ್ಕೆ ಶ್ರುತಿಯನ್ನೇ ಸಾಕ್ಷಿಯಾಗಿ ಕರೆಯಬಹುದು. ಗಾಯಕಿ ಸುಮ್ಮನಿರುವಾಗ ಅವರ ಹೆಡ್‌ಫೋನಿಗೆ ಮಾತ್ರ 5 ಮನೆಯ ಬದಲು 6 ಮನೆಯ ತಂಬೂರಿಯನ್ನು ಕಳಿಸಿ ಮುದ್ರಿಸಿ. ಟ್ರ್ಯಾಕಿನಲ್ಲಿ ಸಿಕ್ಕದ್ದೂ 6 ಮನೆಗೆ ಏರಿದ್ದರೆ ಮೂಲ ಆ ಹೆಡ್‌ಫೋನೇ. 5 ಮನೆಯಲ್ಲೇ ಉಳಿದಿದ್ದರೆ ಬೇರೆ ಯಾವುದೋ ಹೆಡ್‌ಫೋನು, ಚೀಲದಲ್ಲಿ ಇನ್ನೂ ಹಾಡುತ್ತಿರುವ ಶ್ರುತಿ ಪೆಟ್ಟಿಗೆ, ಗೋಡೆಯಾಚೆ ಅಭ್ಯಾಸ ಮಾಡುತ್ತಿರುವ ಮಗಳು, ಹೀಗೆ ಹುಡುಕಬೇಕು.

ಕಿವಿಯ ಬಳಿ ಆಗುತ್ತಿರುವುದೇನು

ಅದು ಅವರ ಹೆಡ್‌ಫೋನಿನದೇ ಎಂದು ತಿಳಿದ ಮೇಲೆ, ಮೈಕನ್ನು ತಿರುಗಿಸಿ ಪಾರಾಗಬಹುದು ಎಂಬ ಆಸೆ ಬೇಡ. ಕಾರ್ಡಿಯಾಯ್ಡ್ ಮೈಕ್ ತನ್ನ ಬೆನ್ನ ಹಿಂದಿನದನ್ನು ಕೇಳಿಸಿಕೊಳ್ಳುವುದಿಲ್ಲ ಎಂಬುದು ನಿಜ. ಆದರೆ ಗಾಯಕರ ಕಿವಿಗಳು ಅದರ ಬೆನ್ನ ಹಿಂದೆ ಇಲ್ಲ, ಮುಖದ ಎದುರಿಗೇ ಇವೆ. 25 ಸೆಂಟಿಮೀಟರ್ ದೂರದ ಮೈಕಿನಿಂದ ನೋಡಿದರೆ ಬಾಯಿಗೂ ಕಿವಿಗೂ ನಡುವಿನ ಕೋನ ಹನ್ನೆರಡು ಹದಿಮೂರು ಡಿಗ್ರಿಯಷ್ಟೇ, ಮೈಕಿಗೆ ಎರಡೂ ಒಂದೇ ದಿಕ್ಕು. ಮೈಕನ್ನು ಬಾಯಿಗೆ ಹತ್ತಿರ ತಂದರೆ ದನಿ ಹೆಚ್ಚುತ್ತದೆ, ಸೋರಿಕೆ ಅಷ್ಟು ಹೆಚ್ಚುವುದಿಲ್ಲ, ಹೀಗೆ ಸ್ವಲ್ಪ ಲಾಭವಿದೆ. ಆದರೆ ತಾರ ಸ್ಥಾಯಿಯಲ್ಲಿ ಕಂಠ ಬಿಟ್ಟು ಹಾಡುವಾಗ ಹದಿನೈದು ಸೆಂಟಿಮೀಟರಿನಲ್ಲಿರುವ ಮೈಕು ಅವರು ತಲೆ ಅಲುಗಿಸಿದಾಗಲೆಲ್ಲ ದನಿಯ ಬಣ್ಣ ಬದಲಿಸುತ್ತದೆ. ನಾನು ಇಪ್ಪತ್ತಕ್ಕಿಂತ ಹತ್ತಿರ ತರುವುದಿಲ್ಲ.

ಹಾಗಾಗಿ ನೋಡಬೇಕಾದದ್ದು ಹೆಡ್‌ಫೋನು ಕಿವಿಯ ಮೇಲೆ ಹೇಗೆ ಕೂತಿದೆ ಎಂಬುದನ್ನು. ನಮ್ಮ ಗಾಯಕಿ ಬಲಗಡೆಯದನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಿದ್ದರು. "ಎರಡೂ ಕಿವಿ ಮುಚ್ಚಿದರೆ ನನ್ನ ದನಿ ತಲೆಯೊಳಗೇ ಗುಂಯ್‌ಗುಟ್ಟುತ್ತೆ ಕಣಪ್ಪ, ಹೊರಗೆ ಎಷ್ಟು ಹೋಗ್ತಿದೆ ಅಂತ ಗೊತ್ತೇ ಆಗಲ್ಲ" ಎಂದರು. ಅದು ಅವರ ಹಟವಲ್ಲ. ಕಿವಿ ಮುಚ್ಚಿದಾಗ ಮೂಳೆಯ ಮೂಲಕ ಬರುವ ಕೆಳಗಿನ ಆವರ್ತನಗಳು ಹೆಚ್ಚಾಗಿ, ಸ್ವಂತ ದನಿ ಎಲ್ಲರಿಗೂ ಹಾಗೆಯೇ ಕೇಳುತ್ತದೆ. ಮೈಕಿಲ್ಲದೆ ಮನೆಯಲ್ಲಿ ತಂಬೂರಿಯ ಪಕ್ಕ ಕೂತು ದಶಕಗಟ್ಟಲೆ ಹಾಡಿದವರಿಗೆ ಅದು ಬಹಳ ಕಿರಿಕಿರಿ. ಆದರೆ ಕಿವಿ ಬಿಟ್ಟು ಸರಿದ ಆ ಬಲಗಡೆಯ ಹೆಡ್‌ಫೋನಿನಲ್ಲೂ ತಂಬೂರಿ ನುಡಿಯುತ್ತಲೇ ಇತ್ತು. ಅದೊಂದು ಸಣ್ಣ ಸ್ಪೀಕರನ್ನು ಮೈಕಿನ ಎದುರು ಇಟ್ಟ ಹಾಗೆ.

ಇದಕ್ಕೆ ಪರಿಹಾರ, ಎರಡೂ ಕಿವಿ ಮುಚ್ಚಿಕೊಳ್ಳಿ ಎಂದು ಒತ್ತಾಯಿಸುವುದಲ್ಲ. ತಂಬೂರಿಯ ಟ್ರ್ಯಾಕನ್ನು ಪೂರ್ತಿ ಎಡಕ್ಕೆ ಪ್ಯಾನ್ ಮಾಡಿ, ಬಲಕ್ಕೆ ಏನೂ ಹೋಗದಂತೆ ಮಾಡಿದರೆ ಸಾಕು. ಹೆಡ್‌ಫೋನನ್ನು ನಿಮ್ಮ ಕಿವಿಗೆ ಹಿಡಿದು ಬಲಗಡೆ ನಿಜವಾಗಿಯೂ ಸುಮ್ಮನಿದೆಯೇ ಎಂದು ನೋಡಿ, ಏಕೆಂದರೆ ಕೆಲವು ಇಂಟರ್‌ಫೇಸುಗಳ ಮೊನೊ ಗುಂಡಿ ಒತ್ತಿದ್ದರೆ ಎಡಬಲ ಎರಡೂ ಕಡೆ ಒಂದೇ ಸದ್ದು ಹೋಗುತ್ತದೆ. ಇಷ್ಟು ಮಾಡಿದ್ದಕ್ಕೇ ನಮ್ಮ ಅಳತೆ −58ರಿಂದ −65ಕ್ಕೆ ಇಳಿಯಿತು.

ಎಡಗಡೆ ಉಳಿದದ್ದಕ್ಕೆ ಕಾರಣ ಕಣ್ಣಿಗೇ ಕಾಣುತ್ತಿತ್ತು. ಅವರ ಜುಮುಕಿ ಹೆಡ್‌ಫೋನಿನ ದಿಂಬಿನಡಿ ಸಿಕ್ಕಿಕೊಂಡು, ಕೆಳಗಡೆ ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಕನ್ನಡಕದ ಕಡ್ಡಿ, ಕಿವಿಯ ಹಿಂದೆ ಇಳಿಬಿದ್ದ ಮಲ್ಲಿಗೆ ದಂಡೆ, ಗಟ್ಟಿಯಾಗಿ ಬಾಚಿ ಎತ್ತಿದ ಕೂದಲು, ಇವೂ ಇದೇ ಕೆಲಸ ಮಾಡುತ್ತವೆ. ಪರೀಕ್ಷಿಸಲು ಶ್ರುತಿ ನುಡಿಯುತ್ತಿರುವಾಗ ಅಂಗೈಯಿಂದ ಆ ಭಾಗವನ್ನು ಮೆಲ್ಲಗೆ ಒತ್ತಲು ಗಾಯಕರಿಗೇ ಹೇಳಿ. ಒತ್ತಿದಾಗ ಅವರಿಗೆ ಮಂದ್ರ ಹೆಚ್ಚಾಗಿ ಕೇಳಿಸಿ, ಮುದ್ರಣದಲ್ಲಿ ಸೋರಿಕೆ ಕಡಿಮೆಯಾದರೆ ಅಲ್ಲಿ ಸಂದಿದೆ ಎಂದರ್ಥ. ಜುಮುಕಿ ಬಿಚ್ಚಿಟ್ಟ ಮೇಲೆ ಅಳತೆ −68 ಆಯಿತು.

ಆಮೇಲೆ ಉಳಿಯುವುದು ವಾಲ್ಯೂಮು. ಹೆಡ್‌ಫೋನಿನಲ್ಲಿ ಹತ್ತು ಡೆಸಿಬೆಲ್ ಇಳಿಸಿದರೆ ಸೋರಿಕೆಯೂ ಹತ್ತು ಡೆಸಿಬೆಲ್ ಇಳಿಯುತ್ತದೆ, ಅದರಲ್ಲಿ ಗುಟ್ಟೇನಿಲ್ಲ. ಆದರೆ "ಶ್ರುತಿ ಕಡಿಮೆ ಮಾಡಲೇ?" ಎಂದು ಕೇಳಿದರೆ ಯಾವ ಗಾಯಕರೂ ಹೂಂ ಎನ್ನುವುದಿಲ್ಲ. ಅವರು ಅಷ್ಟು ಜೋರಾಗಿ ಏಕೆ ಕೇಳುತ್ತಿದ್ದಾರೆ ಎಂದು ನೋಡಬೇಕು. ತಮ್ಮದೇ ದನಿ ತಲೆಯೊಳಗೆ ಮೊಳಗುವಾಗ ಅದನ್ನು ಮೀರಿ ತಂಬೂರಿ ಕೇಳಬೇಕಾದ್ದರಿಂದ ಹೆಚ್ಚಿಸುತ್ತ ಹೋಗುತ್ತಾರೆ. ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರಿನಿಂದ ಅವರ ದನಿಯನ್ನೂ ಹೆಡ್‌ಫೋನಿಗೆ ಕೊಡಿ. ಸಾಫ್ಟ್‌ವೇರಿನ ಮೂಲಕ ಸುತ್ತಿ ಬರುವ ದನಿ ಚೂರು ತಡವಾಗಿ ಕೇಳಿ ಬಿರ್ಕಾಗಳನ್ನು ಕೆಡಿಸುತ್ತದೆ, ಅದು ಬೇಡ. ತಮ್ಮ ದನಿ ಕೇಳತೊಡಗಿದ ಮೇಲೆ ನಮ್ಮ ಗಾಯಕಿ ತಾವಾಗಿಯೇ ತಂಬೂರಿ ಜಾಸ್ತಿಯಾಯಿತು ಎಂದರು. ನಾಲ್ಕು ಡೆಸಿಬೆಲ್ ಇಳಿಸಿದೆ.

ಅದರ ಜೊತೆಗೆ ಹೆಡ್‌ಫೋನಿಗೆ ಹೋಗುವ ತಂಬೂರಿಯಲ್ಲಿ 2500 ಹರ್ಟ್ಜ್‌ಗಿಂತ ಮೇಲಿನದನ್ನು ಲೋ-ಪಾಸ್ ಫಿಲ್ಟರಿನಿಂದ ತೆಗೆದೆ. ಮೌನದಲ್ಲಿ ಎದ್ದು ಕಾಣುವ ಚಿಂಚಿಂ ಎಂಬ ಭಾಗ ಅದೇ. ಷಡ್ಜ, ಪಂಚಮ, ಮಂದ್ರದ ತಂತಿಯಲ್ಲಿ ತಾನಾಗಿ ಹುಟ್ಟುವ ಅಂತರ ಗಾಂಧಾರ, ಇವೆಲ್ಲ ಅದಕ್ಕಿಂತ ಬಹಳ ಕೆಳಗೇ ಇರುವುದರಿಂದ ಶ್ರುತಿ ಹಿಡಿಯುವುದಕ್ಕೆ ಅಡ್ಡಿಯಾಗುವುದಿಲ್ಲ. ಆದರೆ ತಂಬೂರಿ ಮಂಕಾಯಿತೆಂದು ಗಾಯಕರು ಹೇಳಿದರೆ ಫಿಲ್ಟರನ್ನು ಮೇಲಕ್ಕೆ ಸರಿಸಿ. ಜೀವಾಳವಿಲ್ಲದ ತಂಬೂರಿಗೆ ಕಲ್ಯಾಣಿ ಹಾಡಿ ಎನ್ನುವುದು ನ್ಯಾಯವಲ್ಲ. ಕೊನೆಗೆ ಅಳತೆ −70ಕ್ಕೆ ಬಂದು, ಕೋಣೆಯ ಮೌನದೊಳಗೆ ಸೇರಿಕೊಂಡಿತು. ಅದಕ್ಕಿಂತ ಮುಂದೆ ಹೋಗುವುದರಲ್ಲಿ ಅರ್ಥವಿಲ್ಲ.

ಸೋರಿಕೆಯಂತೆಯೇ ಕೇಳುವ ಇನ್ನೊಂದು

ಎರಡನೆಯ ಟೇಕಿನ ಮೌನಗಳಲ್ಲಿ ಮೀಟುಗಳು ಹೋಗಿದ್ದವು. ಆದರೂ ತಾರ ಷಡ್ಜದಲ್ಲಿ ನಿಂತು ಬಿಟ್ಟ ಕಡೆಯಲ್ಲೆಲ್ಲ ಹಿಂದೊಂದು ತಂಬೂರಿಯ ನಾದ ಮೂರು ನಾಲ್ಕು ಸೆಕೆಂಡು ನಿಂತು ಮಾಯವಾಗುತ್ತಿತ್ತು. ಮೊದಲಿನದಕ್ಕೂ ಇದಕ್ಕೂ ವ್ಯತ್ಯಾಸವಿದೆ: ಹೆಡ್‌ಫೋನಿನದಾದರೆ ಮೌನ ಎಷ್ಟು ಉದ್ದವಿದ್ದರೂ ಮೀಟುಗಳು ಒಂದರ ಹಿಂದೊಂದು ಬರುತ್ತಲೇ ಇರಬೇಕು. ಇದರಲ್ಲಿ ಮೀಟೇ ಇರಲಿಲ್ಲ, ಗಾಯಕಿ ನಿಲ್ಲಿಸಿದಲ್ಲಿ ಆರಂಭವಾಗಿ ಸಣ್ಣಗಾಗುತ್ತ ಹೋಗುತ್ತಿತ್ತು. ರಿಷಭದಲ್ಲಿ ನಿಲ್ಲಿಸಿದ ಕಡೆ ಹುಡುಕಿದರೂ ಸಿಗಲಿಲ್ಲ.

ಹೆಡ್‌ಫೋನಿನ ಶ್ರುತಿಯನ್ನು ಪೂರ್ತಿ ನಿಲ್ಲಿಸಿ, ಒಮ್ಮೆ ಷಡ್ಜವನ್ನು ಹಾಡಿ ತಟ್ಟನೆ ನಿಲ್ಲಿಸಲು ಕೇಳಿಕೊಂಡೆ. ನಾದ ಆಗಲೂ ಉಳಿಯಿತು. ತಿರುಗಿ ನೋಡಿದರೆ ಕೋಣೆಯ ಮೂಲೆಯಲ್ಲಿ ಅವರ ತಂಬೂರಿ ಗೋಡೆಗೊರಗಿ ನಿಂತಿತ್ತು, ಬೆಳಗಿನ ಸಾಧಕಕ್ಕೆ 5 ಮನೆಗೇ ಸೇರಿಸಿದ್ದು. ಅವರ ಷಡ್ಜ ತಗುಲಿದಾಗಲೆಲ್ಲ ಅದೇ ಸ್ವರಕ್ಕೆ ಬಿಗಿದ ತಂತಿಗಳು ಯಾರೂ ಮುಟ್ಟದೆ ಮಿಡಿಯುತ್ತಿದ್ದವು. ಕುದುರೆಯ ಬಳಿ ಟವೆಲ್ಲನ್ನು ತಂತಿಗಳ ನಡುವೆ ಹೆಣೆದು ಸಿಕ್ಕಿಸಿದ ಮೇಲೆ ನಿಂತಿತು. ವೀಣೆ ಇದ್ದರೂ, ಶ್ರುತಿ ಮಾಡಿಟ್ಟ ಮೃದಂಗ ಇದ್ದರೂ ಇದೇ ಅನುಮಾನ ಇರಲಿ. ಕೋಣೆಯಿಂದಲೇ ಹೊರಗಿಟ್ಟರೆ ಇನ್ನೂ ಒಳ್ಳೆಯದು.

ಸೋರಿದ ಟೇಕೇ ಬೇಕೆಂದಾಗ

ನಮ್ಮ ಗಾಯಕಿಗೆ ಮೊದಲ ಟೇಕಿನ ಆಲಾಪನೆಯೇ ಹಿಡಿಸಿತ್ತು. ಇದು ಆಗಾಗ ಆಗುವುದೇ. ಅಂಥ ಟೇಕಿನಿಂದ ತಂಬೂರಿಯನ್ನು ಕಳೆಯಲು ಒಂದು ಜಾಣ ಉಪಾಯ ಹೇಳುವವರಿದ್ದಾರೆ: ಗಾಯಕರನ್ನು ಸುಮ್ಮನೆ ಕೂರಿಸಿ ಸೋರಿಕೆಯನ್ನಷ್ಟೇ ಮುದ್ರಿಸಿ, ಅದನ್ನು ತಲೆಕೆಳಗು ಮಾಡಿ ಟೇಕಿಗೆ ಕೂಡಿಸಿದರೆ ಎರಡೂ ಒಂದನ್ನೊಂದು ಅಳಿಸಿಕೊಳ್ಳುತ್ತವೆ ಎಂದು. ತಲೆ ಅಲುಗಾಡದಿದ್ದರೆ ಸರಿ. 5000 ಹರ್ಟ್ಜ್‌ನ ಅಲೆಯ ಉದ್ದ ಸುಮಾರು 7 ಸೆಂಟಿಮೀಟರ್ ಮಾತ್ರ, ಅದರ ಅರ್ಧದಷ್ಟು ತಲೆ ಸರಿದರೆ ಅಳಿಯಬೇಕಾದದ್ದು ಇಮ್ಮಡಿಯಾಗುತ್ತದೆ. ಗಮಕದ ಜೊತೆಗೆ ತಲೆಯೂ ತೂಗದ ಗಾಯಕರನ್ನು ನಾನಂತೂ ನೋಡಿಲ್ಲ.

ಉಳಿದ ದಾರಿಯೆಂದರೆ ಸೋರಿಕೆಯನ್ನು ಒಪ್ಪಿಕೊಂಡು ಮುಚ್ಚುವುದು. ಅಂತಿಮ ಮಿಶ್ರಣದಲ್ಲಿ ತಂಬೂರಿ ಹೇಗೂ ಇರುತ್ತದೆ. ಗಾಯಕರಿಗೆ ಕೇಳಿಸಿದ ಅದೇ ಫೈಲನ್ನು, ಅದೇ ಜಾಗದಲ್ಲಿ, ಫಿಲ್ಟರ್ ತೆಗೆದು ಬಳಸಿ. ಆ ತಂಬೂರಿ ಸೋರಿಕೆಗಿಂತ 20 ಡೆಸಿಬೆಲ್ ಮೇಲಿದ್ದರೆ, ಎರಡೂ ಬೆರೆತು ಆಗುವ ಏರಿಳಿತ ಒಂದು ಡೆಸಿಬೆಲ್ಲನ್ನು ಮೀರುವುದಿಲ್ಲ, ಕಿವಿಗೆ ಅದು ತಿಳಿಯುವುದಿಲ್ಲ. ಇನ್ನೂ ಚೆನ್ನಾಗಿರುವ ಬೇರೊಂದು ತಂಬೂರಿಯನ್ನು ಹಾಕುವ ಆಸೆಗೆ ಮಾತ್ರ ಬೀಳಬಾರದು. ಅದು ಅರ್ಧ ಹರ್ಟ್ಜ್ ಆಚೀಚೆ ಇದ್ದರೂ ಒಳಗಿನ ಸೋರಿಕೆಯೊಂದಿಗೆ ಸೇರಿ ಎರಡು ಸೆಕೆಂಡಿಗೊಮ್ಮೆ ಅಲೆಯಂತೆ ಉಬ್ಬಿಳಿಯುತ್ತದೆ, ಮೀಟುಗಳೂ ಎರಡೆರಡಾಗಿ ಕೇಳುತ್ತವೆ.

ಮೌನಗಳನ್ನು ಕತ್ತರಿಸಿ ಶೂನ್ಯ ಮಾಡಲೂ ಹೋಗಬೇಡಿ. ಸೋರಿಕೆ ಒಮ್ಮೆ ಇದ್ದು ಒಮ್ಮೆ ಇಲ್ಲವಾದರೆ ಅದರ ಇರವೇ ಗಮನಕ್ಕೆ ಬರುತ್ತದೆ. ಎರಡು ಟೇಕುಗಳನ್ನು ಜೋಡಿಸಬೇಕಾದರೆ, ತಂಬೂರಿಯ ಫೈಲು ಎರಡರಲ್ಲೂ ಒಂದೇ ಜಾಗದಲ್ಲಿರುವಂತೆ ಇಟ್ಟುಕೊಂಡು, ಗಾಯಕರು ಉಸಿರೆಳೆದುಕೊಳ್ಳುವ ಜಾಗದಲ್ಲಿ ಬೆಸೆಯಿರಿ. ಹಾಗೆ ಬೆಸೆದ ಕಡೆ ಗಾಯನದ ಟ್ರ್ಯಾಕನ್ನು ಮಾತ್ರ ಕೇಳಿ, ಪಂಚಮದ ಮೀಟು ಮುಗಿದ ಮೇಲೆ ಸಾರಣಿಯದೇ ಬರುತ್ತದೆಯೇ ಎಂದು ಒಮ್ಮೆ ಎಣಿಸಿ ನೋಡಿ.